ಕಥೆಯ ಭಾಗವನ್ನು ಎಲ್ಲಿ ಕತ್ತರಿಸಬೇಕು?

ಪ್ರಶ್ನೆ: ಐದು ಭಾಗಗಳ ಕಥೆಯನ್ನು ಸಣ್ಣ ವಿಡಿಯೊಗಳಾಗಿ ಹಾಕುತ್ತಿದ್ದೇನೆ. ಮೊದಲ ಭಾಗ ನೋಡಿದವರು ಎರಡನೆಯದಕ್ಕೆ ಬರುತ್ತಿಲ್ಲ. ಎಲ್ಲಿ ನಿಲ್ಲಿಸಿದರೆ ಕಾಯುತ್ತಾರೆ?

ಡೊಂಬಿವಲಿಯಲ್ಲಿ ನಾವು ನಾಲ್ವರು ಕನ್ನಡಿಗರು ಸೇರಿ ಇಂಥದ್ದೇ ಸರಣಿಯೊಂದನ್ನು ಮಾಡಿದೆವು. ಮಾಟುಂಗದ ಹೋಟೆಲೊಂದರಲ್ಲಿ ದುಡಿದ ತಂದೆ ತೀರಿಕೊಂಡ ಮೇಲೆ, ಅವರ ಟ್ರಂಕಿನಲ್ಲಿ ಕುಂದಾಪುರದ ಅಪರಿಚಿತ ಹೆಂಗಸೊಬ್ಬಳಿಗೆ ತಿಂಗಳು ತಿಂಗಳೂ ಕಳಿಸಿದ ಮನಿಯಾರ್ಡರಿನ ರಸೀದಿಗಳು ಮಗನಿಗೆ ಸಿಗುತ್ತವೆ. ಮೊದಲ ಭಾಗವನ್ನು ನಾವು, ಮಗ ರಸೀದಿ ಓದುತ್ತಿರುವಾಗ ಯಾರೋ ಬಾಗಿಲು ತಟ್ಟುವಲ್ಲಿಗೆ ಮುಗಿಸಿದ್ದೆವು. ಅದು ತಪ್ಪಾಯಿತು. ತಟ್ಟಿದವರು ಯಾರಾದರೂ ಆಗಿರಬಹುದಾದ್ದರಿಂದ ನೋಡುಗನಿಗೆ ಊಹಿಸಲು ಏನೂ ಉಳಿಯುವುದಿಲ್ಲ. ಊಹೆಗೆ ಎಡೆಯಿಲ್ಲದ ಕಡೆ ಕಾಯುವಿಕೆಯೂ ಇರುವುದಿಲ್ಲ.

ತಿದ್ದಿದ ಆವೃತ್ತಿಯಲ್ಲಿ ಮಗ ರಸೀದಿಯನ್ನು ತಾಯಿಯ ಮುಂದೆ ಹಿಡಿಯುತ್ತಾನೆ. ಆಕೆ ನೋಡಿ, "ಈ ವಿಳಾಸ ಬರೆದದ್ದು ನಾನೇ" ಎನ್ನುತ್ತಾಳೆ. ಅಲ್ಲಿಗೇ ಕತ್ತರಿ. ಇಲ್ಲಿ ನಾವು ಏನನ್ನೂ ಬಚ್ಚಿಡಲಿಲ್ಲ, ಹೊಸ ಸಂಗತಿಯೊಂದನ್ನು ಕೊಟ್ಟೆವು. ಆ ಸಂಗತಿಯೇ "ಆ ಹೆಂಗಸು ಯಾರು" ಎಂಬ ಪ್ರಶ್ನೆಯನ್ನು "ಅಮ್ಮನಿಗೆ ಎಷ್ಟು ಗೊತ್ತು" ಎಂದು ತಿರುಗಿಸಿತು. ಮಾತು ಮುಗಿದ ಮೇಲೆ ಮಗನ ಮುಖವನ್ನೂ ತೋರಿಸಲಿಲ್ಲ, ಏಕೆಂದರೆ ಅವನು ಬೆಚ್ಚಿದ್ದನ್ನು ಕಂಡರೆ ನೋಡುಗನ ಬೆರಗು ಅಲ್ಲೇ ತೀರಿಹೋಗುತ್ತದೆ.

ಎರಡನೆಯ ಭಾಗ ಈ ಪ್ರಶ್ನೆಯನ್ನು ಮೊದಲ ಹತ್ತು ಸೆಕೆಂಡುಗಳಲ್ಲೇ ತೀರಿಸಬೇಕು. ತಂದೆಗೆ ಬರೆಯಲು ಬಾರದು, ಹಳೆಯ ಸಾಲವೆಂದು ಹೇಳಿ ಬರೆಸುತ್ತಿದ್ದರು ಎಂದು ತಾಯಿ ಹೇಳಿಬಿಡುತ್ತಾಳೆ. ಮೂರನೆಯ ಭಾಗದವರೆಗೆ ಎಳೆದಿದ್ದರೆ ನಂಬಿಕೆ ಹೋಗುತ್ತಿತ್ತು. ಆದರೆ ಅದೇ ಭಾಗದ ಕೊನೆಯಲ್ಲಿ ಇನ್ನೊಂದು ರಸೀದಿ ಕಾಣುತ್ತದೆ: ಅಕ್ಷರ ತಾಯಿಯದಲ್ಲ, ಅಂಚೆ ಮುದ್ರೆಯ ತಾರೀಖು ತಂದೆ ಸತ್ತ ಮರುತಿಂಗಳಿನದು. ಭಾಗಕ್ಕೊಂದು ಸಣ್ಣ ಪ್ರಶ್ನೆ ತೀರಿ ಇನ್ನೊಂದು ಹುಟ್ಟುತ್ತಿರಬೇಕು. ಆ ಹೆಂಗಸು ಯಾರೆಂಬ ದೊಡ್ಡ ಪ್ರಶ್ನೆ ಮಾತ್ರ ಐದನೆಯ ಭಾಗದವರೆಗೆ ಉಳಿಯಬೇಕು. ಇದಕ್ಕಾಗಿ ಚಿತ್ರೀಕರಣಕ್ಕೆ ಮೊದಲೇ ಐದೂ ಭಾಗಗಳ ಕೊನೆಯ ಸಾಲುಗಳನ್ನು, ಐದನೆಯದರಿಂದ ಹಿಂದಕ್ಕೆ, ಬರೆದಿಟ್ಟುಕೊಳ್ಳಿ.

ಎಲ್ಲಿ ಎಡವಿದ್ದೀರಿ ಎಂಬುದನ್ನು ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರೇಕ್ಷಕರು ಎಲ್ಲಿಯವರೆಗೆ ಉಳಿದರೆಂದು ತೋರಿಸುವ ಗೆರೆಯಿಂದ ಬಹುಮಟ್ಟಿಗೆ ತಿಳಿಯಬಹುದು. ಕೊನೆಯ ಐದಾರು ಸೆಕೆಂಡುಗಳಲ್ಲಿ ಗೆರೆ ಕುಸಿದಿದ್ದರೆ, ಸಂಗೀತವೋ "ಮುಂದುವರಿಯುವುದು" ಎಂಬ ಫಲಕವೋ ಮುಕ್ತಾಯವನ್ನು ಮೊದಲೇ ಸಾರಿಬಿಟ್ಟಿರುತ್ತದೆ. ನಾವು ಆ ಫಲಕವನ್ನೇ ತೆಗೆದುಹಾಕಿದೆವು. ಗೆರೆ ಕೊನೆಯವರೆಗೂ ನಿಂತಿದ್ದು ಮುಂದಿನ ಭಾಗಕ್ಕೆ ಜನ ಬರದಿದ್ದರೆ, ಅದರ ಕೊಂಡಿ ಅವರ ಕಣ್ಣಿಗೆ ಬೀಳುತ್ತಿದೆಯೇ ಎಂದು ಮೊದಲು ನೋಡಿ, ಆಮೇಲೆ ಪ್ರಶ್ನೆಯನ್ನು ಅನುಮಾನಿಸಿ. ಕಮೆಂಟುಗಳಲ್ಲಿ ನಾನು ಹುಡುಕುವುದು "ಮುಂದಿನದು ಯಾವಾಗ" ಎಂಬುದನ್ನಲ್ಲ, "ಆ ಕೊನೆಯ ರಸೀದಿ ಹೋಟೆಲ್ ಯಜಮಾನರದೇ ಇರಬೇಕು" ಎಂಬಂಥ ಊಹೆಯನ್ನು.