ಬದಲಾದ ರಿವಿಷನ್ ಟೈಮ್‌ಟೇಬಲ್ ಕ್ಲಾಸ್ ಗ್ರೂಪಲ್ಲಿ ಹೇಗೆ ಹಾಕೋದು?

ಪ್ರಶ್ನೆ: ಎಸ್ಸೆಸ್ಸೆಲ್ಸಿ ಮಕ್ಕಳ ವಾಟ್ಸಾಪ್ ಗ್ರೂಪಲ್ಲಿ ಮ್ಯಾಥ್ಸ್ ರಿವಿಷನ್ ಟೈಮ್‌ಟೇಬಲ್ ಚೇಂಜ್ ಆಗಿದೆ ಅಂತ ಹಾಕ್ಬೇಕು. ಸೋಮವಾರದ ಕ್ಲಾಸ್ ಮಾತ್ರ ಕ್ಯಾನ್ಸಲ್. ಹೇಗೆ ಬರೆದ್ರೆ ಕನ್‌ಫ್ಯೂಸ್ ಆಗಲ್ಲ?

ನಾನೂ ಹೈಸ್ಕೂಲಲ್ಲಿ ಮ್ಯಾಥ್ಸ್ ತಗೊಳ್ತೀನಿ. ಮೊದಲು ನೋಡ್ಬೇಕಾಗಿರೋದು ಪಾಠದ ಕ್ರಮ. ಸೋಮವಾರ ತ್ರಿಕೋನಮಿತಿಯ ಪ್ರಸ್ತಾವನೆ, ಬುಧವಾರ ಅದರ ಅನ್ವಯಗಳು, ಶುಕ್ರವಾರ ವೃತ್ತಗಳು ಅಂತ ಇತ್ತು ಅಂದ್ಕೊಳ್ಳಿ. ಸೋಮವಾರದ್ದನ್ನ ಎತ್ತಿ ಶನಿವಾರಕ್ಕೆ ಹಾಕೋದು ಸುಲಭ ಅನ್ಸತ್ತೆ, ಆದ್ರೆ ಆಗ ಬುಧವಾರ ಮಗು ಕಂಬದಿಂದ 30 ಮೀಟರ್ ದೂರ, ಉನ್ನತ ಕೋನ 30°, ಎತ್ತರ ಎಷ್ಟು ಅನ್ನೋ ಲೆಕ್ಕಕ್ಕೆ ಕೂತಾಗ tan 30° = 1/√3 ಅನ್ನೋದೇ ಮರೆತಿರತ್ತೆ, ಪೂರ್ತಿ ಪೀರಿಯಡ್ ಬೆಲೆಗಳ ಟೇಬಲ್ ಬರೆಸೋದ್ರಲ್ಲೇ ಹೋಗತ್ತೆ. ಅದಕ್ಕೆ ಮೂರನ್ನೂ ಒಂದೊಂದು ಕ್ಲಾಸ್ ಮುಂದಕ್ಕೆ ತಳ್ಳಿ.

ಆಮೇಲೆ, "ಸೋಮವಾರದ್ದು ಬುಧವಾರಕ್ಕೆ" ಅಂತ ಒಂದೇ ಲೈನ್ ಹಾಕ್ಬೇಡಿ. ಹಾಗಾದ್ರೆ ಬುಧವಾರದ್ದು ಯಾವಾಗ ಮಿಸ್ ಅಂತ ಹತ್ತು ಜನ ಕೇಳ್ತಾರೆ, ಕೇಳದೇ ಇರೋರು ಹಳೇದನ್ನೇ ನೋಡ್ಕೊಂಡು ಬರ್ತಾರೆ. ಬದಲಾಗದೇ ಇರೋದೂ ಸೇರಿಸಿ ಪೂರ್ತಿ ಟೈಮ್‌ಟೇಬಲ್ ಹೊಸದಾಗಿ ಹಾಕಿ, ಹೀಗೆ:

*ಮ್ಯಾಥ್ಸ್ ರಿವಿಷನ್: ಬದಲಾದ ಟೈಮ್‌ಟೇಬಲ್, ಫೆ. 7*
ಫೆ. 5ರಂದು ಹಾಕಿದ್ದು ಕ್ಯಾನ್ಸಲ್.
ಫೆ. 9 ಸೋಮವಾರ: ಕ್ಲಾಸ್ ಇಲ್ಲ
ಫೆ. 11 ಬುಧವಾರ, ಸಂಜೆ 4:30–5:30: ತ್ರಿಕೋನಮಿತಿಯ ಪ್ರಸ್ತಾವನೆ. 0°, 30°, 45°, 60°, 90° ಬೆಲೆಗಳು, ನಿತ್ಯಸಮೀಕರಣಗಳು
ಫೆ. 13 ಶುಕ್ರವಾರ, ಸಂಜೆ 4:30–5:30: ತ್ರಿಕೋನಮಿತಿಯ ಅನ್ವಯಗಳು. ಉನ್ನತ ಕೋನ, ಅವನತ ಕೋನದ ಲೆಕ್ಕಗಳು
ಫೆ. 14 ಶನಿವಾರ, *ಮಧ್ಯಾಹ್ನ 12:00–1:00*: ವೃತ್ತಗಳು. ಸ್ಪರ್ಶಕದ ಎರಡು ಪ್ರಮೇಯಗಳ ಸಾಧನೆ
ಸ್ಕೇಲು, ಕೈವಾರ ತನ್ನಿ.

ಶನಿವಾರದ ಟೈಮ್ ಮಾತ್ರ ದಪ್ಪಕ್ಷರದಲ್ಲಿ ಹಾಕಿದೀನಿ ನೋಡಿ, ಅವತ್ತು ಬೆಳಗಿನ ಶಾಲೆ, ಟೈಮ್ ಬರೀದಿದ್ರೆ ಮಕ್ಕಳು ಮನೆಗೆ ಹೋಗಿ ಸಂಜೆ ನಾಲ್ಕೂವರೆಗೆ ವಾಪಸ್ ಬರ್ತಾರೆ, ಹಳ್ಳಿಯಿಂದ ಬರೋರಿಗೆ ಅಷ್ಟೊತ್ತಿಗೆ ಬಸ್ಸೂ ಇರಲ್ಲ. ಇನ್ನು ಬರೀ "ವೃತ್ತಗಳು" ಅಂತ ಹಾಕೋದಕ್ಕಿಂತ "ಪ್ರಮೇಯಗಳ ಸಾಧನೆ" ಅಂತ ಬಿಡಿಸಿ ಬರೆದ್ರೆ ಹಿಂದಿನ ದಿನ ರಾತ್ರಿ ಏನು ಓದ್ಕೊಂಡು ಬರ್ಬೇಕು ಅಂತ ಅವರಿಗೆ ಗೊತ್ತಾಗತ್ತೆ, ಇದು ನನಗೆ ತುಂಬಾ ಮುಖ್ಯ.

ಹಳೇ ಮೆಸೇಜನ್ನ ಎಡಿಟ್ ಮಾಡೋಣ ಅಂದ್ರೆ ವಾಟ್ಸಾಪಲ್ಲಿ ಕಳ್ಸಿದ 15 ನಿಮಿಷದೊಳಗೆ ಮಾತ್ರ ಆಗತ್ತೆ. ಅದಕ್ಕೆ ಹಳೇದಕ್ಕೆ ರಿಪ್ಲೈ ಮಾಡಿ "ಇದು ಕ್ಯಾನ್ಸಲ್, ಹೊಸದು ಕೆಳಗಿದೆ" ಅಂತ ಹಾಕಿ, ಹೊಸದನ್ನ 7 ದಿನಕ್ಕೆ ಪಿನ್ ಮಾಡಿ. ಹಳೇದು ಪಿನ್ ಆಗಿದ್ರೆ ಅದನ್ನ ಮೊದಲು ತೆಗೀರಿ. ಫೋನ್ ಇಲ್ಲದ ಮಕ್ಕಳೂ ಇರ್ತಾರಲ್ಲ, ಅವರಿಗೋಸ್ಕರ ಇದೇ ನಾಲ್ಕು ಸಾಲನ್ನ ಕ್ಲಾಸಿನ ಬೋರ್ಡ್ ಮೂಲೇಲೂ ಬರೆದು, ಅಳಿಸ್ಬೇಡಿ ಅಂತ ಲೀಡರ್‌ಗೆ ಹೇಳಿಡಿ.