ಒಂದೇ ಚಿತ್ರ ಬರೆದು ನಿಲ್ಲಿಸಬೇಡಿ

“ಒಂದು ತರ್ಕದ ಪ್ರಶ್ನೆಯಲ್ಲಿ ಕೊಟ್ಟಿರುವ ಹೇಳಿಕೆಗಳು: ಎಲ್ಲಾ ಪೆನ್ನುಗಳು ಪುಸ್ತಕಗಳು. ಕೆಲವು ಪುಸ್ತಕಗಳು ಚೀಲಗಳು. ತೀರ್ಮಾನ 1: ಕೆಲವು ಪೆನ್ನುಗಳು ಚೀಲಗಳು. 2: ಯಾವ ಪೆನ್ನೂ ಚೀಲವಲ್ಲ. ನಾನು ಬರೆದ ವೃತ್ತಗಳ ಚಿತ್ರದಲ್ಲಿ 1 ಸರಿಯಾಗಿದೆ, ಆದ್ರೆ ಕೀ ಉತ್ತರ ‘1 ಅಥವಾ 2’ ಅಂತಿದೆ. ಯಾಕೆ?”

ನಿಮ್ಮ ಚಿತ್ರ ತಪ್ಪಲ್ಲ, ಆದರೆ ಅದೊಂದೇ ಚಿತ್ರ ಅಲ್ಲ. ಪೆನ್ನಿನ ವೃತ್ತ ಪುಸ್ತಕದ ವೃತ್ತದೊಳಗೇ ಇರಬೇಕು, ಅದು ಖಚಿತ. ಚೀಲದ ವೃತ್ತ ಪುಸ್ತಕದ ಒಳಕ್ಕೆ ಸ್ವಲ್ಪ ಬರಬೇಕು ಅಷ್ಟೇ, ಎಲ್ಲಿ ಅಂತ ಯಾರೂ ಹೇಳಿಲ್ಲ ಅಲ್ವಾ? ನೀವು ಅದನ್ನು ಪೆನ್ನಿನವರೆಗೂ ಎಳೆದಿದ್ದೀರಿ. ಈಗ ಪೆನ್ನನ್ನು ಮುಟ್ಟದ ಹಾಗೆ ಪುಸ್ತಕದ ಇನ್ನೊಂದು ಅಂಚಿನಲ್ಲಿ ಬರೆದು ನೋಡಿ. ಕೊಟ್ಟಿರುವ ಎರಡೂ ಹೇಳಿಕೆಗಳು ಹಾಗೇ ನಿಲ್ಲುತ್ತವೆ, 1 ಮಾತ್ರ ಬಿದ್ದುಹೋಗುತ್ತದೆ. ನಿಮ್ಮ ಮೊದಲ ಚಿತ್ರದಲ್ಲಿ 2 ಬೀಳುತ್ತದೆ. ಹಾಗಾಗಿ ಒಂಟಿಯಾಗಿ ಎರಡೂ ನಿಲ್ಲುವುದಿಲ್ಲ.

ಆದರೆ ಹೇಗೇ ಬರೆದರೂ ಪೆನ್ನು, ಚೀಲ ಒಂದನ್ನೊಂದು ಮುಟ್ಟುತ್ತವೆ ಇಲ್ಲವೇ ಮುಟ್ಟುವುದಿಲ್ಲ, ಮೂರನೇ ದಾರಿ ಇಲ್ಲ. ಅದಕ್ಕೇ ‘1 ಅಥವಾ 2’.

ತೀರ್ಮಾನವನ್ನು ಒಪ್ಪುವ ಚಿತ್ರ ಹುಡುಕಬೇಡಿ, ಅದನ್ನು ಬೀಳಿಸುವ ಚಿತ್ರ ಹುಡುಕಿ. ಎರಡನೇ ಹೇಳಿಕೆ ‘ಎಲ್ಲಾ ಪುಸ್ತಕಗಳು ಚೀಲಗಳು’ ಆಗಿದ್ದರೆ ಪೆನ್ನೂ ಚೀಲದೊಳಗೇ ಸಿಕ್ಕಿಬೀಳುತ್ತಿತ್ತು, ಆಗ ಬೀಳಿಸುವ ಚಿತ್ರವೇ ಸಿಗಲ್ಲ, 1 ನೇರವಾಗಿ ಸರಿ.