ಆವೇಶ ಆಗ ಎಲ್ಲಿತ್ತು?

"ಒಂದು ವಿದ್ಯುತ್ ಆವೇಶ ಬೆಳಕಿನ ವೇಗದ 0.6 ಪಾಲು ವೇಗದಲ್ಲಿ ನೇರ ನನ್ನತ್ತ ಬರುತ್ತಿದೆ. ಈಗ 3 ಮೀಟರ್ ದೂರದಲ್ಲಿದೆ. ಬೆಳಕಿಗೆ 3 ಮೀಟರ್ ದಾಟಲು 10 ನ್ಯಾನೋಸೆಕೆಂಡು ಬೇಕು. ಆದ್ದರಿಂದ 10 ನ್ಯಾನೋಸೆಕೆಂಡು ಹಿಂದಿನ ದೂರವನ್ನು ಕೂಲಂಬ್ ವಿಭವಕ್ಕೆ ಹಾಕಿದರೆ ಲೆಕ್ಕ ಮುಗಿಯಿತು. ಈ ಲೇಖನ ಪ್ರಕಟಿಸುತ್ತೀರಾ?"

ನಿಮ್ಮ ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈ ಪ್ಯಾರಾ ನನ್ನನ್ನು ಎರಡು ದಿನ ಕಾಡಿತು. ಈಗಿರುವಂತೆ ಪ್ರಕಟಿಸಲಾರೆ.

"10 ನ್ಯಾನೋಸೆಕೆಂಡು ಬೇಕು" ಅಂದಿರಿ. ಆವೇಶದ ಪ್ರಭಾವ ಬೆಳಕಿನ ವೇಗದಲ್ಲಿ ಬರುತ್ತದೆ, ಸರಿ. ಆದರೆ ಅದು ಹೊರಟಾಗ ಆವೇಶ 3 ಮೀಟರಿನಲ್ಲಿ ಇರಲೇ ಇಲ್ಲ, ಅಲ್ವಾ? ಅದು ಹೊರಟ ಜಾಗದ ದೂರ R ಆಗಿರಲಿ. ಪ್ರಭಾವ R ದೂರ ಬರುವಷ್ಟರಲ್ಲಿ ಆವೇಶ 0.6R ಮುಂದೆ ಬಂದಿರುತ್ತದೆ. ಅಂದರೆ R = 3 + 0.6R. ಆಗ R 7.5 ಮೀಟರ್, ತಡ 25 ನ್ಯಾನೋಸೆಕೆಂಡು.

ಮುಂದಿನ ಸಾಲು "ಹಳೆಯ ದೂರವನ್ನು ಹಾಕಿದರೆ ಮುಗಿಯಿತು". ಇಲ್ಲ, ಮುಗಿಯುವುದಿಲ್ಲ. ನಾನು ಕಲಿಯುವಾಗ ಇಲ್ಲೇ ಎಡವಿದ್ದೆ. ನನ್ನ ಮೇಷ್ಟ್ರು ಹಾಳೆಯ ಮೇಲೆ ಒಂದು ರೈಲು ಬರೆದರು. ರೈಲು ನಮ್ಮತ್ತ ಬರುತ್ತಿದೆ. ಎಂಜಿನ್ನಿನ ಬೆಳಕೂ ಕೊನೆಯ ಬೋಗಿಯ ಬೆಳಕೂ ಒಟ್ಟಿಗೆ ನಮ್ಮನ್ನು ತಲುಪಬೇಕಾದರೆ ಬೋಗಿಯದು ಮೊದಲೇ ಹೊರಟಿರಬೇಕು. ಆಗ ರೈಲು ಇನ್ನೂ ಹಿಂದಿತ್ತು. ಹಾಗಾಗಿ ಅದು ಇರುವುದಕ್ಕಿಂತ ಉದ್ದವಾಗಿ ಲೆಕ್ಕಕ್ಕೆ ಬರುತ್ತದೆ. "ಈಗ ಬೋಗಿಗಳ ಬದಲು ಆವೇಶ ತುಂಬು" ಅಂದರು. ಆ ಸಂಜೆ ನನಗೆ ಮೊದಲ ಸಲ ಇದು ಕಣ್ಣಿಗೆ ಕಟ್ಟಿತು.

ಆವೇಶದ ವೇಗ v, ಬೆಳಕಿನ ವೇಗ c ಆದರೆ ಈ ಹಿಗ್ಗುವಿಕೆ 1/(1 − v/c), ನಿಮ್ಮ ಉದಾಹರಣೆಯಲ್ಲಿ 2.5 ಪಟ್ಟು. ರೈಲು ಎಷ್ಟೇ ಚಿಕ್ಕದಾದರೂ ಈ ಪಟ್ಟು ಬದಲಾಗದು, ಬಿಂದುವಿನಷ್ಟಾದರೂ ಉಳಿಯುತ್ತದೆ. 1898ರಲ್ಲಿ ಲಿಯೆನಾರ್, 1900ರಲ್ಲಿ ವೀಕರ್ಟ್ ಕಂಡುಕೊಂಡ ವಿಭವದಲ್ಲಿ ಇರುವುದು ಇದೇ. ಆವೇಶ 2.5 ಪಟ್ಟಾಗಿ ಲೆಕ್ಕಕ್ಕೆ ಬರುವುದರಿಂದ ವಿಭವದ ಛೇದದಲ್ಲಿ ಈಗ 7.5 ಅಲ್ಲ, 7.5 × 0.4, ಅಂದರೆ 3 ಮೀಟರ್ ಬರುತ್ತದೆ. ಆವೇಶ ಈಗ ಇರುವ ದೂರವೇ ಬಂತು!

ಹಾಗಾದರೆ ವಿಭವಕ್ಕೆ ಆವೇಶದ ಈಗಿನ ಜಾಗ ಗೊತ್ತೇ? ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು 25 ನ್ಯಾನೋಸೆಕೆಂಡು ಹಿಂದಿನ ಜಾಗ ಮತ್ತು ವೇಗ ಮಾತ್ರ. ವೇಗ ಬದಲಾಗದಿದ್ದರೆ ಆವೇಶ ಎಲ್ಲಿರುತ್ತಿತ್ತೋ ಆ ದೂರ ಸಿಗುತ್ತದೆ, ಅಷ್ಟೆ. 10 ನ್ಯಾನೋಸೆಕೆಂಡು ಹಿಂದೆ, 4.8 ಮೀಟರ್ ದೂರದಲ್ಲಿ, ಆವೇಶ ತಟ್ಟನೆ ನಿಂತಿತು ಅಂದುಕೊಳ್ಳಿ. ಈಗಲೂ ನಿಮ್ಮಲ್ಲಿ ಅದು 3 ಮೀಟರಿನಲ್ಲಿದೆ ಎಂಬಂತೆಯೇ ವಿಭವ ಇರುತ್ತದೆ. ನಿಂತ ಸುದ್ದಿ ಬರಲು 16 ನ್ಯಾನೋಸೆಕೆಂಡು ಬೇಕು, ಇನ್ನೂ 6 ಬಾಕಿ.

ಇನ್ನೊಂದು ಮಾತು. ಪ್ರಭಾವ ಹೊರಟ ಹೊತ್ತನ್ನು ವಿಭವಕ್ಕೆ ಹಾಕಿ, ವಿದ್ಯುತ್ ಕ್ಷೇತ್ರದ ಕೂಲಂಬ್ ಸೂತ್ರಕ್ಕೆ ಸುಮ್ನೆ ಹಾಕಬೇಡಿ. ವಿಭವದಿಂದ ಕ್ಷೇತ್ರ ತೆಗೆಯುವಾಗ ಪ್ರಭಾವ ಹೊರಟ ಹೊತ್ತೂ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ನಿಮ್ಮ ಈ ಆವೇಶಕ್ಕೆ ಕ್ಷೇತ್ರ 3 ಮೀಟರಿನ ಕೂಲಂಬ್ ಬೆಲೆಯ 0.64 ಪಾಲು ಮಾತ್ರ.

ಈ ಪ್ಯಾರಾ ತಿದ್ದಿ ಕಳಿಸಿ. ಆವೇಶ ನಿಲ್ಲುವ ಪ್ರಸಂಗವನ್ನೂ ಸೇರಿಸಿ, ಒಂದು ಚಿತ್ರದ ಜೊತೆ.